ನಡುವೆ ಬಿಟ್ಟುಹೋದ 15 ಮಂದಿ

ಪ್ರಶ್ನೆ: ಮಾದರಿ ಆಯ್ಕೆ ಮತ್ತು ಸಿಂಧುತ್ವಕ್ಕೆ ಒದಗುವ ಅಪಾಯಗಳ ಅಧ್ಯಾಯವನ್ನು ಒಂದು ಪುಟದ ತಪಾಸಣಾ ಪಟ್ಟಿಗೆ ಇಳಿಸಿದ್ದೇನೆ. ಆದರೆ ಯಾವ ಅಧ್ಯಯನವನ್ನು ವಿಮರ್ಶಿಸಲು ಕುಳಿತರೂ ಎಲ್ಲದರ ಮುಂದೆ ‘ಇರಬಹುದು’ ಎಂದೇ ಬರೆಯುತ್ತೇನೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಅಪಾಯಗಳ ಹೆಸರನ್ನಷ್ಟೇ ಪಟ್ಟಿ ಮಾಡಿಕೊಂಡರೆ ಹೀಗೇ ಆಗುತ್ತದೆ. ‘ಸದಸ್ಯರ ನಷ್ಟ’ ಎಂಬ ಪದ ಯಾವ ಅಧ್ಯಯನಕ್ಕಾದರೂ ಅಂಟಿಕೊಳ್ಳುತ್ತದೆ. ಅದರ ಬದಲು, ಪ್ರಬಂಧದೊಳಗೇ ಉತ್ತರ ಸಿಗುವಂಥ ಪ್ರಶ್ನೆ ಬರೆಯಿರಿ: ಆರಂಭದಲ್ಲಿ ಎಷ್ಟು ಮಂದಿ, ಕೊನೆಯಲ್ಲಿ ಎಷ್ಟು ಮಂದಿ, ಹೋದವರು ಎಂಥವರು? ಪಕ್ಕದಲ್ಲಿ ಎರಡು ಅಂಕಣ ಇರಲಿ. ಒಂದರಲ್ಲಿ ಉತ್ತರ ಸಿಕ್ಕ ಪುಟಸಂಖ್ಯೆ, ಇನ್ನೊಂದರಲ್ಲಿ ಈ ದೋಷ ಫಲಿತಾಂಶವನ್ನು ಹಿಗ್ಗಿಸುತ್ತದೆಯೇ ಕುಗ್ಗಿಸುತ್ತದೆಯೇ ಎಂಬುದು.

ಒಂದು ಕಲ್ಪಿತ ಅಧ್ಯಯನ ತೆಗೆದುಕೊಳ್ಳೋಣ. ಓದಿನ ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ಪಡೆದ 60 ವಿದ್ಯಾರ್ಥಿಗಳಿಗೆ ಎಂಟು ವಾರ ತರಬೇತಿ ಕೊಟ್ಟರು. ಮೊದಲಿನ ಸರಾಸರಿ 32, ಕೊನೆಯದು 41. ಒಂಬತ್ತು ಅಂಕದ ಏರಿಕೆ ಎಂದು ಸಾರಾಂಶ ಹೇಳುತ್ತದೆ. ಕೋಷ್ಟಕ ನೋಡಿದರೆ ಕೊನೆಯ ಪರೀಕ್ಷೆ ಬರೆದವರು 45 ಮಂದಿ. ಆ 45 ಮಂದಿಯ ಆರಂಭದ ಸರಾಸರಿಯೇ 36! ಬಿಟ್ಟುಹೋದ 15 ಮಂದಿಯದು 20. ಅಂದರೆ ಉಳಿದವರಲ್ಲಿ ಆದ ಏರಿಕೆ ಐದು ಅಂಕ ಮಾತ್ರ. ಮಿಕ್ಕ ನಾಲ್ಕು, ಹಿಂದುಳಿದವರು ಲೆಕ್ಕದಿಂದ ಜಾರಿಹೋದದ್ದರಿಂದ ಬಂದವು. ಈ ಸಾಲಿನ ಮುಂದೆ ‘ಹಿಗ್ಗಿಸುತ್ತದೆ’ ಎಂದು ಧೈರ್ಯವಾಗಿ ಬರೆಯಬಹುದು.

ಉಳಿದ ಐದನ್ನೂ ಹಾಗೇ ನಂಬುವಂತಿಲ್ಲ. ಒಂದೇ ಪರೀಕ್ಷೆಯ ಕನಿಷ್ಠ ಅಂಕ ನೋಡಿ ಆರಿಸಿದಾಗ, ಅಂದು ಮೈ ಸರಿಯಿಲ್ಲದೆ ಕಡಿಮೆ ಬರೆದವರೂ ಗುಂಪಿಗೆ ಸೇರಿರುತ್ತಾರೆ. ಮರುಪರೀಕ್ಷೆಯಲ್ಲಿ ಅವರ ಅಂಕ ತರಬೇತಿಯಿಲ್ಲದೆಯೂ ಸರಾಸರಿಯತ್ತ ಸರಿಯುತ್ತದೆ. ಆದ್ದರಿಂದ ನಿಮ್ಮ ಮುಂದಿನ ಪ್ರಶ್ನೆ: ಇದೇ ರೀತಿ ಆರಿಸಿ, ತರಬೇತಿ ಕೊಡದೆ ಬಿಟ್ಟ ಹೋಲಿಕೆಯ ಗುಂಪು ಇತ್ತೇ? ಎಂಟು ವಾರಗಳಲ್ಲಿ ತಾನಾಗಿ ಆದ ಬೆಳವಣಿಗೆ, ಹೊರಗಿನ ಘಟನೆ, ಪರೀಕ್ಷೆಯ ರೂಢಿ, ಇವುಗಳಿಗೂ ಬಹುಮಟ್ಟಿಗೆ ಇದೊಂದೇ ಪ್ರಶ್ನೆ ಸಾಕು.

ಮಾದರಿಯ ಭಾಗದಲ್ಲಿ ಗಾತ್ರವನ್ನು ಮೊದಲ ಸಾಲಾಗಿಸಬೇಡಿ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಮಂದಿಗೆ ಮತಚೀಟಿ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದೂ ಲ್ಯಾಂಡನ್ ಗೆಲ್ಲುತ್ತಾರೆಂದಿತು. ಭಾರೀ ಅಂತರದಿಂದ ಗೆದ್ದದ್ದು ರೂಸ್‌ವೆಲ್ಟ್. ವಿಳಾಸಗಳನ್ನು ಹೆಚ್ಚಾಗಿ ದೂರವಾಣಿ ಮತ್ತು ಕಾರು ಮಾಲೀಕರ ಪಟ್ಟಿಗಳಿಂದ ತೆಗೆದಿದ್ದರು, ಉತ್ತರಿಸಿದವರೂ ಕಾಲು ಭಾಗದಷ್ಟೇ. ಹಾಗಾಗಿ ಹೆಸರುಗಳು ಯಾವ ಪಟ್ಟಿಯಿಂದ ಬಂದವು, ಎಷ್ಟು ಮಂದಿ ಉತ್ತರಿಸಿದರು ಎಂಬುದನ್ನು ಮೊದಲು ಕೇಳಿ.

ಇನ್ನೊಂದು ಗೊಂದಲ ವಿಮರ್ಶೆಗಳಲ್ಲಿ ಪದೇ ಪದೇ ಕಾಣುತ್ತೇನೆ. ಜನರನ್ನು ಸಮಷ್ಟಿಯಿಂದ ಯಾದೃಚ್ಛಿಕವಾಗಿ ಆರಿಸುವುದು ಬೇರೆ, ಆರಿಸಿದವರನ್ನು ಗುಂಪುಗಳಿಗೆ ಯಾದೃಚ್ಛಿಕವಾಗಿ ಹಂಚುವುದು ಬೇರೆ. ಮೊದಲನೆಯದು ಫಲಿತಾಂಶ ಇತರರಿಗೂ ಅನ್ವಯಿಸುವುದೇ ಎಂಬುದಕ್ಕೆ, ಎರಡನೆಯದು ತರಬೇತಿಯೇ ಕಾರಣವೇ ಎಂಬುದಕ್ಕೆ ಆಧಾರ. ಇವೆರಡಕ್ಕೂ ಬೇರೆ ಬೇರೆ ಸಾಲು ಕೊಡಿ. ಸ್ವಯಂಸೇವಕರ ಮೇಲೆ ನಡೆದ ಪ್ರಯೋಗದಲ್ಲಿ ಮೊದಲ ಸಾಲಿಗೆ ‘ಇಲ್ಲ’ ಬಂದರೂ ಎರಡನೆಯದಕ್ಕೆ ‘ಹೌದು’ ಬರಬಹುದು.