ದುಡ್ಡು ಬರುವ ಮೊದಲೇ ದೂರು ವಾಪಸ್ ಬೇಡ

*ಓದುಗರ ಪತ್ರ: ನನ್ನ ಹೆಂಡತಿಯ ಆಪರೇಷನ್ ಬಿಲ್ಲಿನಲ್ಲಿ ಆರೋಗ್ಯ ವಿಮೆ ಕಂಪನಿಯವರು 62,000 ರೂಪಾಯಿ ಹಿಡಿದುಕೊಂಡರು. ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟೆ. ಈಗ 50,000 ಕೊಡ್ತೀವಿ, ಮೊದಲು ಕೇಸ್ ವಾಪಸ್ ಪತ್ರ ಕೊಡಿ ಅಂತಿದ್ದಾರೆ. ಹೇಗೆ ಬರೆಯಲಿ? — ಓದುಗರೊಬ್ಬರು, ರಾಜಾಜಿನಗರ*

ಸರ್, ಆ ಪತ್ರವನ್ನು ಈಗಲೇ ಕೊಡಬೇಡಿ. ‘ದೂರು ವಾಪಸ್ ಪಡೆಯುತ್ತಿದ್ದೇನೆ’ ಅಂತ ಒಂದೇ ಸಾಲು ಬರೆದರೆ ಆಯೋಗ ಅಷ್ಟನ್ನೇ ದಾಖಲಿಸಿ ಕೇಸ್ ಮುಗಿಸುತ್ತದೆ. 50,000ದ ಮಾತು ಆದೇಶದಲ್ಲಿ ಎಲ್ಲೂ ಇರುವುದಿಲ್ಲ. ಆಮೇಲೆ ದುಡ್ಡು ಬರಲಿಲ್ಲ ಅಂದರೆ ಯಾವ ಕಾಗದ ತೋರಿಸುತ್ತೀರಿ? ಹೊಸದಾಗಿ ದೂರು ಹಾಕೋಣ ಅಂದರೆ, ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದ ಗಡುವು ಇದೆ. ಹಳೇ ಕೇಸ್ ನಡೆಯುತ್ತಿದ್ದಾಗಲೇ ಅದರಲ್ಲಿ ಎಷ್ಟೋ ತಿಂಗಳು ಕಳೆದಿರುತ್ತವೆ. ನನ್ನ ಅಕ್ಕ ಹೀಗೆ ನಂಬಿ ಸಹಿ ಹಾಕಿ, ಐದು ತಿಂಗಳು ಫೋನ್ ಮಾಡುತ್ತಾ ಕೂತಿದ್ದಳು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ದುಡ್ಡು ಇನ್ನೂ ಬಂದಿಲ್ಲವಾದರೆ ಜಂಟಿ ಮೆಮೊ ಹಾಕಿ. ಅದಕ್ಕೆ ನೀವೂ ಕಂಪನಿಯ ವಕೀಲರೂ ಸಹಿ ಮಾಡಬೇಕು. ಮೇಲೆ ಕೇಸ್ ನಂಬರ್, ಇಬ್ಬರ ಹೆಸರು ಇರಲಿ. ಒಳಗೆ ಹೀಗೆ ಬರೆಯಬಹುದು:

“ಕ್ಲೇಮ್ ಸಂಖ್ಯೆ … ಕುರಿತ ಈ ದೂರಿನಲ್ಲಿ ಉಭಯ ಪಕ್ಷಗಾರರು ರಾಜಿಯಾಗಿದ್ದಾರೆ. ಎದುರುದಾರರು 50,000 ರೂಪಾಯಿಯನ್ನು ದಿನಾಂಕ … ರ ಒಳಗೆ ಫಿರ್ಯಾದುದಾರರ ಬ್ಯಾಂಕ್ ಖಾತೆಗೆ ಜಮಾ ಮಾಡುತ್ತಾರೆ. ತಪ್ಪಿದಲ್ಲಿ ಆ ದಿನದಿಂದ ಶೇ. … ಬಡ್ಡಿ ಸೇರಿಸಿ ಕೊಡುತ್ತಾರೆ. ಈ ಷರತ್ತುಗಳನ್ನು ದಾಖಲಿಸಿ, ಅದರಂತೆ ಆದೇಶ ಮಾಡಿ ದೂರನ್ನು ಮುಕ್ತಾಯಗೊಳಿಸಬೇಕೆಂದು ಕೋರುತ್ತೇವೆ.”

‘ಅದರಂತೆ ಆದೇಶ ಮಾಡಿ’ ಅನ್ನುವ ಮಾತು ಬಿಡಲೇಬೇಡಿ. ಹಾಗೆ ಆದೇಶವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ ಕೋರ್ಟ್ ಡಿಕ್ರಿಯ ಹಾಗೆ ಜಾರಿ ಮಾಡಿಸಬಹುದು. ಆದೇಶ ಪಾಲಿಸದವರಿಗೆ 72ನೇ ಸೆಕ್ಷನ್‌ನಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 25,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಜಂಟಿ ಮೆಮೊಗೆ ಅವರು ಒಪ್ಪದಿದ್ದರೆ ರಾಜಿ ಮಾತುಕತೆ ನಡೆದಿದೆ ಅಂತ ಹೇಳಿ ಮುಂದಿನ ದಿನಾಂಕ ಕೇಳಿ. ದುಡ್ಡು ಖಾತೆಗೆ ಬಿದ್ದ ಮೇಲೆ, ಬಂದ ಮೊತ್ತ, ದಿನಾಂಕ, ಬ್ಯಾಂಕ್ ವರ್ಗಾವಣೆಯ ಯುಟಿಆರ್ ನಂಬರ್ ಬರೆದು ನೀವೊಬ್ಬರೇ ಮೆಮೊ ಕೊಟ್ಟರೂ ಸಾಕು. ಚೆಕ್ ಕೈಗೆ ಬಂದರೆ ಸಾಲದು, ಅದು ಪಾಸಾಗಬೇಕು ಅಲ್ವಾ.

ಇನ್ನು ಕಂಪನಿ ಕೊಡುವ ಡಿಸ್ಚಾರ್ಜ್ ವೋಚರ್, ಅಂದರೆ ದುಡ್ಡು ಬಂತು, ಕ್ಲೇಮ್ ಮುಗಿಯಿತು ಅಂತ ನಿಮ್ಮಿಂದ ಸಹಿ ಹಾಕಿಸಿಕೊಳ್ಳುವ ಕಾಗದ. ‘ಈ ಪಾಲಿಸಿಯಡಿ ಯಾವುದೇ ಹಕ್ಕು ಉಳಿದಿಲ್ಲ’ ಅನ್ನುವ ಸಾಲು ಕಂಡರೆ ಹೊಡೆದು, ‘ಈ ಕ್ಲೇಮ್ ಸಂಖ್ಯೆಗೆ ಮಾತ್ರ’ ಅಂತ ಬರೆಸಿ, ಇಬ್ಬರೂ ಅಲ್ಲೇ ಪಕ್ಕದಲ್ಲಿ ಸಹಿ ಮಾಡಿ. ನಿಮ್ಮ ಮನೆಯವರಿಗೆ ಮುಂದೆ ಮತ್ತೆ ಚಿಕಿತ್ಸೆ ಬೇಕಾಗಬಹುದು. ಆ ಸಾಲನ್ನು ಹಾಗೇ ಬಿಟ್ಟರೆ ಆಗ ಅದನ್ನೇ ಹಿಡಿದು ತಕರಾರು ತೆಗೆಯಬಹುದು.

ಆದೇಶವಾದ ಮೇಲೆ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಮೊತ್ತ, ಕೊನೇ ದಿನ ಎರಡೂ ಮೆಮೊದಲ್ಲಿ ಇದ್ದ ಹಾಗೇ ಇದೆಯಾ ಅಂತ ಕೌಂಟರ್ ಬಿಡುವ ಮೊದಲೇ ಓದಿ ನೋಡಿ.

— ಸಂಪಾದಕ