ಇಬ್ಬರೇ ಸೇರಿ, ಕಡಿಮೆ ಬೆಲೆಯ ಫೋನಲ್ಲೂ ಓಡುವ ಗೇಮ್ ಮಾಡಬೇಕು ಅಂದ್ರೆ ಯಾವುದು ಮಾಡೋದು?

"ನಾನು ಮತ್ತು ತಂಗಿ, ಇಬ್ಬರೇ ಇರೋದು. ಗೊಡೋ ಸ್ವಲ್ಪ ಗೊತ್ತು. ಮನೆಯವರ ಹತ್ತಿರ ಇರೋದೆಲ್ಲ 2 ಜಿಬಿ ರ‍್ಯಾಮ್ ಫೋನು. ಅವರೂ ಆಡುವಂಥ ಸಣ್ಣ ಗೇಮ್ ಯಾವುದು ಮಾಡಬಹುದು?"

ವಿಂಗಡಿಸುವ ಆಟ ಮಾಡಿ. ನಾನು ಶಿರಸಿಯವನು, ಹಾಗಾಗಿ ನನಗೆ ಮೊದಲು ನೆನಪಾಗೋದು ಅಡಿಕೆ. ಪರದೆಯ ನಡುವೆ ಒಂದು ಅಡಿಕೆ ಬರುತ್ತದೆ. ಚಾಲಿ ಅನ್ನೋ ಬಿಳಿ ಅಡಿಕೆಯಾದರೆ ಎಡಕ್ಕೆ ಎಳೆಯಬೇಕು, ರಾಶಿ ಅನ್ನೋ ಕೆಂಪು ಅಡಿಕೆಯಾದರೆ ಬಲಕ್ಕೆ. ಮೂರು ತಪ್ಪಾದರೆ ಆಟ ಮುಗಿಯಿತು. ಓಡುತ್ತಾ ಹಾರುವ ಗೇಮಿಗೆ ಹಂತ ಹಂತಕ್ಕೂ ಹೊಸ ಚಿತ್ರ, ಹೊಸ ದಾರಿ ಬಿಡಿಸುತ್ತಾ ಕೂರಬೇಕು. ಇಲ್ಲಿ ಹತ್ತಿಪ್ಪತ್ತು ಚಿತ್ರ ಸಾಕು, ಆಟ ಕಷ್ಟವಾಗೋದು ವೇಗದಿಂದ. ಕಾರವಾರದವರಿಗೆ ಇದನ್ನೇ ಬಂಗಡೆ, ತಾರ್ಲೆ ಅಂತ ಮೀನಿನ ಚಿತ್ರ ಬದಲಿಸಿ ಕೊಡಬಹುದು, ಕೋಡ್ ಮುಟ್ಟಬೇಕಾಗಿಲ್ಲ.

ವೇಗದ ಲೆಕ್ಕ ಹೀಗಿಡಿ. ಮೊದಲ ಅಡಿಕೆಗೆ 2 ಸೆಕೆಂಡ್ ಸಮಯ. ಹತ್ತು ಸರಿಯಾದಾಗಲೆಲ್ಲ 0.1 ಸೆಕೆಂಡ್ ಇಳಿಸಿ, 0.7ಕ್ಕೆ ನಿಲ್ಲಿಸಿ. ನಲವತ್ತನೆಯದರ ಹೊತ್ತಿಗೆ ಗೋಟು ಅನ್ನೋ ಮೂರನೇ ಬಗೆಯ ಅಡಿಕೆ ತನ್ನಿ, ಅದನ್ನು ಕೆಳಕ್ಕೆ ಎಳೆಯಬೇಕು. ಹೊಸದು ಬಂದಾಗ ಸಮಯವನ್ನು ಮತ್ತೆ ಸ್ವಲ್ಪ ಸಡಿಲ ಮಾಡಿ, ಇಲ್ಲದಿದ್ರೆ ಹೆಚ್ಚಿನವರು ಅಲ್ಲೇ ಸೋತು ಬಿಡುತ್ತಾರೆ. ಒಂದು ಆಟ ಎರಡು ಮೂರು ನಿಮಿಷಕ್ಕೆ ಮುಗಿಯಬೇಕು, ಬಸ್ಸಿಗೆ ಕಾಯುವಾಗ ಆಡೋದು ಅಲ್ವಾ. ಯಾವ ಅಡಿಕೆ ಬರಬೇಕು ಅನ್ನೋದನ್ನು ಸುಮ್ನೆ ರ‍್ಯಾಂಡಮ್ಮಿಗೆ ಬಿಡಬೇಡಿ, ಏಳೆಂಟು ಚಾಲಿ ಒಟ್ಟಿಗೇ ಬಂದುಬಿಡುತ್ತದೆ. ಗೋಟು ಶುರುವಾದ ಮೇಲೆ ನಾಲ್ಕು ಚಾಲಿ, ನಾಲ್ಕು ರಾಶಿ, ಎರಡು ಗೋಟು ಒಂದು ಪಟ್ಟಿಗೆ ಹಾಕಿ, ಕಲಸಿ, ಅದು ಮುಗಿದ ಮೇಲೆ ಇನ್ನೊಂದು ಪಟ್ಟಿ ಕಲಸಿ.

ಇಡೀ ಗೇಮಿನ ಜೀವ ಇರೋದು ಎಳೆಯುವುದರಲ್ಲಿ. ನಮ್ಮ ಗೇಮನ್ನು ದೊಡ್ಡಮ್ಮನ ಕೈಗೆ ಕೊಟ್ಟಾಗ ಅವರು ಹೇಳಿದ್ದು, "ತಮಾ, ಎಳದ್ರೂ ಹೋಗ್ತಿಲ್ಲೆ ಇದು." ಅವರ ಎಳೆತ ನಿಧಾನ, ಬೆರಳನ್ನು ಬೇಗ ಎತ್ತುವುದೂ ಇಲ್ಲ. ಬೆರಳು ಎತ್ತಿದ ಮೇಲೆ ದಿಕ್ಕು ನೋಡುವ ಕೋಡ್ ಇದ್ದರೆ ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಬೆರಳು ಸುಮಾರು 4 ಮಿಲಿಮೀಟರ್ ಜರುಗಿದ ಕೂಡಲೇ ತೀರ್ಮಾನ ಮಾಡಿ, ಎತ್ತುವವರೆಗೆ ಕಾಯಬೇಡಿ. ಈ ದೂರವನ್ನು ಪಿಕ್ಸೆಲ್‌ನಲ್ಲಿ ಬರೆದರೆ ಒಂದೊಂದು ಫೋನಲ್ಲಿ ಒಂದೊಂದು ಥರ ಆಗುತ್ತದೆ, ಪರದೆಯ ಡಿಪಿಐ ಕೇಳಿ ಲೆಕ್ಕ ಹಾಕಿ. ಅಡಿಕೆ ಪರದೆಯ ಅಂಚಿಗೆ ಬರದಂತೆಯೂ ನೋಡಿಕೊಳ್ಳಿ. ಅಂಚಿನಿಂದ ಎಳೆದರೆ ಎಷ್ಟೋ ಆಂಡ್ರಾಯ್ಡ್ ಫೋನುಗಳು ಹಿಂದಕ್ಕೆ ಹೋಗಿಬಿಡುತ್ತವೆ.

ಚಿತ್ರಗಳ ವಿಷಯದಲ್ಲಿ ಫೈಲಿನ ಗಾತ್ರ ನೋಡಿ ಸಮಾಧಾನ ಪಡಬೇಡಿ. 1080 × 1920ರ ಹಿನ್ನೆಲೆ ಪಿಎನ್‌ಜಿ ಆಗಿ 200 ಕೆಬಿ ಇದ್ದರೂ, ಬಿಚ್ಚಿಕೊಂಡಾಗ ಪ್ರತಿ ಪಿಕ್ಸೆಲ್‌ಗೆ 4 ಬೈಟ್, ಅಂದ್ರೆ ಸುಮಾರು 8 ಎಂಬಿ. ಅದರ ಮೇಲೆ ಮಂಜು, ಎಲೆ, ನೆರಳು ಅಂತ ಪರದೆ ತುಂಬುವ ಪಾರದರ್ಶಕ ಪದರ ಹಾಕುತ್ತಾ ಹೋದರೆ ಸಣ್ಣ ಜಿಪಿಯು ಒಂದೇ ಪಿಕ್ಸೆಲನ್ನು ಮತ್ತೆ ಮತ್ತೆ ಬಳಿಯಬೇಕು. ಫೋನು ಬಿಸಿಯಾಗೋದು, ಆಟ ತಡವರಿಸೋದು ಅದರಿಂದಲೇ. ಹಿನ್ನೆಲೆಗೆ ಒಂದೇ ಬಣ್ಣ ಇಡಿ. ಅಡಿಕೆಗಳನ್ನೆಲ್ಲ 512 × 512ರ ಒಂದೇ ಹಾಳೆಗೆ ಸೇರಿಸಿದರೆ 1 ಎಂಬಿಯಲ್ಲಿ ಮುಗಿಯಿತು.

ಬಣ್ಣವೊಂದನ್ನೇ ನಂಬಬೇಡಿ. ಚಾಲಿ ಬಿಳಿ, ರಾಶಿ ಕೆಂಪು, ಅಷ್ಟರವರೆಗೆ ಸರಿ. ಕೆಂಪುಗೋಟು ಬಂದಾಗ ಅಗ್ಗದ ಪರದೆಯಲ್ಲಿ ಅದೂ ರಾಶಿಯೂ ಒಂದೇ ಥರ ಕಾಣುತ್ತವೆ. ಆಕಾರದಲ್ಲೋ ಗೆರೆಯಲ್ಲೋ ವ್ಯತ್ಯಾಸ ಎದ್ದು ಕಾಣುವ ಹಾಗೆ ಬಿಡಿಸಿ, ನಿಜವಾದ ಅಡಿಕೆ ಅಷ್ಟು ಬೇರೆ ಇರದಿದ್ದರೂ ಪರವಾಗಿಲ್ಲ. ಬ್ರೈಟ್‌ನೆಸ್ ತಗ್ಗಿಸಿ ಮಧ್ಯಾಹ್ನ ಅಂಗಳದ ಬಿಸಿಲಲ್ಲಿ ನಿಂತು ಆಡಿ ನೋಡಿ, ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು, ಜನ ಹೆಚ್ಚು ಬೇಜಾರು ಮಾಡಿಕೊಳ್ಳುವ ವಿಷಯ. ಆಟದ ನಡುವೆ ಕಾಲ್ ಬರುತ್ತದೆ. 2 ಜಿಬಿ ಫೋನಲ್ಲಿ ರ‍್ಯಾಮ್ ಸಾಲದೆ ಆಂಡ್ರಾಯ್ಡ್ ನಿಮ್ಮ ಗೇಮನ್ನೇ ಮುಚ್ಚಿಬಿಡಬಹುದು. ವಾಪಸ್ ಬಂದರೆ ಆಟ ಮೊದಲಿಂದ ಶುರು. ಮುಚ್ಚುವಾಗ ಗೇಮಿಗೆ ಯಾವ ಸೂಚನೆಯೂ ಸಿಗೋದಿಲ್ಲ, ಹಿಂದಕ್ಕೆ ಸರಿಯುವಾಗ ಮಾತ್ರ ಸಿಗುತ್ತದೆ. ಅಲ್ಲೇ ಉಳಿಸಿಕೊಳ್ಳಿ:

```
func _notification(what):
    if what == NOTIFICATION_APPLICATION_PAUSED:
        save_round()
```

`save_round()` ನೀವು ಬರೆಯಬೇಕಾದದ್ದು. ಅಂಕ, ಉಳಿದ ತಪ್ಪುಗಳು, ಈಗಿನ ಸಮಯ, ಪಟ್ಟಿಯಲ್ಲಿ ಉಳಿದ ಅಡಿಕೆ, ಇಷ್ಟನ್ನು ಬರೆದಿಟ್ಟರೆ ಸಾಕು. ಮತ್ತೆ ತೆರೆದಾಗ ಕೂಡಲೇ ಅಡಿಕೆ ಬಿಡಬೇಡಿ, 3, 2, 1 ಎಣಿಸಿ ಬಿಡಿ. ಪರೀಕ್ಷೆಗೆ ಆಟ ಅರ್ಧದಲ್ಲಿದ್ದಾಗ ಹೋಮ್ ಒತ್ತಿ, ಕ್ಯಾಮೆರಾ, ಬ್ರೌಸರ್ ಎಲ್ಲ ತೆರೆದು ಆಮೇಲೆ ವಾಪಸ್ ಬನ್ನಿ.