ಡಾಕ್ಟ್ರು ಮೊದಲು ಕೇಳುವುದು ತಾರೀಕು

"ಅಕ್ಕಾ, ನಾವು ಕುಮಟಾ ಹತ್ತಿರದ ಹಳ್ಳಿಯವರು. ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ದೊಡ್ಡವಳಾಗಿ ಒಂದೂವರೆ ವರ್ಷ ಆಯ್ತು. ತಿಂಗಳಿಗೆ ಎರಡು ಸಲ ಮುಟ್ಟಾಗ್ತಾಳೆ. ಜೂನ್ 3ಕ್ಕೆ ಶುರುವಾಗಿದ್ದು 12ಕ್ಕೆ ನಿಂತಿತು, 26ಕ್ಕೆ ಮತ್ತೆ ಬಂತು. ಕಳೆದ ವಾರ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಕಣ್ಣು ಕತ್ತಲೆ ಬಂದು ಕೂತುಬಿಟ್ಟಳಂತೆ. ಲೇಡಿ ಡಾಕ್ಟ್ರ ಹತ್ರ ಹೋಗೋಣ ಅಂದ್ರೆ 'ಆಯಿ, ಒಳಗೆ ಏನೋ ಹಾಕಿ ನೋಡ್ತಾರಂತೆ, ನಾ ಬರೂದಿಲ್ಲ' ಅಂತ ಅಳ್ತಾಳೆ. ಅತ್ತೆಯವರು 'ಮದುವೆಯಾಗದ ಹುಡುಗಿಯನ್ನ ಅಲ್ಲಿಗೆ ಕರ್ಕೊಂಡು ಹೋಗೂದಾ?' ಅಂತಾರೆ. ಅವಳನ್ನ ಹೇಗೆ ತಯಾರು ಮಾಡಲಿ?"
— ಒಬ್ಬ ತಾಯಿ

ತಂಗೀ, ಮೊದಲು ಮಗಳ ಭಯಕ್ಕೆ ಉತ್ತರ. ಒಳಗೆ ಏನೂ ಹಾಕುವುದಿಲ್ಲ. ಅವಳು ಯಾರ ಬಾಯಲ್ಲೋ ಕೇಳಿದ್ದು ಮದುವೆಯಾದ ಹೆಂಗಸರಿಗೆ ಮಾಡುವ ಪರೀಕ್ಷೆ. ಈ ವಯಸ್ಸಿನ ಹುಡುಗಿಗೆ, ಅದೂ ಮುಟ್ಟಿನ ತೊಂದರೆಗೆ, ಅದರ ಅಗತ್ಯ ಬೀಳುವುದು ತೀರಾ ಅಪರೂಪ. ತುರಿಕೆ, ಗಾಯ ಇದ್ದರೆ, ಅಥವಾ ಮುಟ್ಟೇ ಬರದೆ ತಿಂಗಳು ತಿಂಗಳು ಹೊಟ್ಟೆನೋವು ಬರುತ್ತಿದ್ದರೆ ಹೊರಗಿನಿಂದ ಒಮ್ಮೆ ನೋಡಬೇಕಾದೀತು, ಅಷ್ಟೇ. ಅದನ್ನೂ ಕೇಳಿಯೇ ನೋಡುತ್ತಾರೆ, ನೀವೋ ನರ್ಸೋ ಪಕ್ಕದಲ್ಲಿ ಇರುತ್ತೀರಿ. ಬೇಡ ಅನ್ನಿಸಿದರೆ "ಇವತ್ತು ಬೇಡ" ಎನ್ನಬಹುದು ಎಂದು ಅವಳಿಗೆ ಮೊದಲೇ ಹೇಳಿಡಿ. ಅತ್ತೆಯವರ ಮನಸ್ಸಿನಲ್ಲಿರುವ ಚಿಂತೆಗೂ ಇದೇ ಉತ್ತರ.

ಆದರೆ "ಏನೂ ಮಾಡಲ್ಲ, ಸುಮ್ನೆ ಮಾತಾಡಿ ಬರೋದು" ಎಂದು ಮಾತ್ರ ಹೇಳಬೇಡಿ. ರಕ್ತ ತೆಗೆಯುತ್ತಾರೆ, ಸೂಜಿ ಚುಚ್ಚುತ್ತದೆ. ಪೇಟೆಗೆ ಬಟ್ಟೆ ತರೋಕೆ ಹೋಗೋಣ ಅಂತ ಕರೆದುಕೊಂಡು ಬಂದು ಆಸ್ಪತ್ರೆಯ ಬಾಗಿಲಲ್ಲಿ ನಿಜ ಹೇಳಿದ ಅಮ್ಮಂದಿರನ್ನು ನಾನು ಬೇಕಷ್ಟು ನೋಡಿದ್ದೇನೆ. ಆ ಹುಡುಗಿಯರು ಒಂದು ಪ್ರಶ್ನೆಗೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದರೆ ನಮಗೆ ಅರ್ಧ ಕೆಲಸ ಆದ ಹಾಗಲ್ಲ, ಏನೂ ಆದ ಹಾಗಲ್ಲ. ಯಾಕೆಂದರೆ ಮೊದಲ ಭೇಟಿ ಅಂದರೆ ಮುಕ್ಕಾಲು ಪಾಲು ಮಾತೇ.

ಮೊದಲ ಪ್ರಶ್ನೆ ತಾರೀಕಿನದ್ದು. ನಿಮ್ಮ ತಾರೀಕುಗಳನ್ನೇ ನೋಡೋಣ. ಮುಟ್ಟಿನ ಲೆಕ್ಕ ಹಾಕುವುದು ಒಂದು ಸಲದ ಮೊದಲ ದಿನದಿಂದ ಮುಂದಿನ ಸಲದ ಮೊದಲ ದಿನಕ್ಕೆ. ನಿಂತ ದಿನದಿಂದ ಅಲ್ಲ. ಜೂನ್ 3ರಿಂದ 26ಕ್ಕೆ 23 ದಿನ. ಮುಟ್ಟು ಶುರುವಾದ ಮೊದಲ ಎರಡು ಮೂರು ವರ್ಷ 21ರಿಂದ 45 ದಿನಕ್ಕೊಮ್ಮೆ ಬಂದರೂ ಅದು ಸರಿಯೇ. ಅಂಡಾಶಯ ಇನ್ನೂ ಪ್ರತಿ ತಿಂಗಳೂ ಅಂಡ ಬಿಡುವುದಕ್ಕೆ ಪಳಗಿರುವುದಿಲ್ಲ, ಹಾಗಾಗಿ ಹಿಂದೆ ಮುಂದೆ ಆಗುತ್ತದೆ. ಅಂದರೆ "ತಿಂಗಳಿಗೆ ಎರಡು ಸಲ" ಎಂಬ ನಿಮ್ಮ ದೂರು ದೂರೇ ಅಲ್ಲ. ಆದರೆ 3ರಿಂದ 12, ಅಂದರೆ ಹತ್ತು ದಿನ ಹೋಗುವುದು ಸರಿಯಲ್ಲ. ಏಳು ದಿನ ದಾಟಬಾರದು. ಹತ್ತು ದಿನ ಹೋಗಿ, ಮೇಲಿಂದ ಕಣ್ಣು ಕತ್ತಲೆ ಬಂತು ಅಂದರೆ ಮೈಯಲ್ಲಿ ರಕ್ತ ಕಡಿಮೆಯಾಗಿದೆ ಎಂಬ ಅನುಮಾನ ಮೊದಲು ಬರುತ್ತದೆ.

ಹಾಗಾಗಿ ಈಗಿನಿಂದಲೇ ಒಂದು ಸಣ್ಣ ನೋಟ್‌ಬುಕ್ ಮಾಡಿಸಿ. ಗೋಡೆ ಕ್ಯಾಲೆಂಡರ್ ಬೇಡ, ಅಲ್ಲಿ ಗುರುತು ಹಾಕಲು ಈ ಮಕ್ಕಳಿಗೆ ನಾಚಿಕೆ. ಶುರುವಾದ ದಿನ, ನಿಂತ ದಿನ, ದಿನಕ್ಕೆ ಎಷ್ಟು ಪ್ಯಾಡ್, ಪೂರ್ತಿ ತೊಯ್ದಿತ್ತೋ ಅರ್ಧವೋ, ಗಡ್ಡೆ ಬಿತ್ತೋ, ರಾತ್ರಿ ಎದ್ದು ಬದಲಿಸಬೇಕಾಯಿತೋ. ದಿನಕ್ಕೆ ಮೂರರಿಂದ ಆರು ಪ್ಯಾಡ್ ಸಾಮಾನ್ಯ. ಒಂದೆರಡು ತಾಸಿಗೇ ಪ್ಯಾಡ್ ಪೂರ್ತಿ ತೊಯ್ದರೆ, ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ಗಡ್ಡೆ ಬಿದ್ದರೆ ಅದು ಜಾಸ್ತಿ. ಶಾಲೆಯಲ್ಲಿ ಬದಲಿಸಲು ಜಾಗವಿಲ್ಲ ಎಂದು ಇಡೀ ದಿನ ಎರಡರಲ್ಲೇ ಕಳೆಯುವ ಹುಡುಗಿಯರಿದ್ದಾರೆ, ಅದನ್ನೂ ಬರೆಯಲಿ. ಇಲ್ಲದಿದ್ದರೆ "ಎರಡೇ ಪ್ಯಾಡ್" ಎಂಬ ಲೆಕ್ಕ ನಮ್ಮನ್ನು ದಾರಿ ತಪ್ಪಿಸುತ್ತದೆ.

ಇನ್ನು ಕೆಲವು ಪ್ರಶ್ನೆಗಳು ನಿಮಗೆ ಎಲ್ಲಿಯದೋ ಎಲ್ಲಿಗೋ ಅನ್ನಿಸಬಹುದು. ಮೂಗಲ್ಲಿ ರಕ್ತ ಬರುತ್ತದಾ? ಹಲ್ಲುಜ್ಜುವಾಗ? ಹಲ್ಲು ಕೀಳಿಸಿದಾಗ ರಕ್ತ ನಿಲ್ಲಲು ಎಷ್ಟು ಹೊತ್ತು ಬೇಕಾಯಿತು? ಸಣ್ಣ ಪೆಟ್ಟಿಗೂ ಮೈಮೇಲೆ ನೀಲಿ ಕಲೆ ಏಳುತ್ತದಾ? ಇದಕ್ಕೆ ಕಾರಣ ಹೇಳುತ್ತೇನೆ. ಘಟ್ಟದ ಮೇಲಿನ ಒಂದು ಕೂಸು ಬಂದಿತ್ತು, 13 ವರ್ಷ. ಮೊದಲನೇ ಮುಟ್ಟಿನಿಂದಲೇ ವಿಪರೀತ ರಕ್ತ. ಹಿಮೋಗ್ಲೋಬಿನ್ 7.8 ಇತ್ತು, 12 ಆದರೂ ಇರಬೇಕಿತ್ತು. "ನಂಗೂ ಹೀಗೇ ಹೋಗ್ತಿತ್ತು, ನಮ್ಮನೆ ಹೆಂಗಸರಿಗೆ ಎಲ್ಲ ಹೀಗೇ" ಎಂದು ಅಮ್ಮ ಸಮಾಧಾನದಿಂದ ಹೇಳಿದರು. ಆ ಮಾತೇ ಸುಳಿವು ಕೊಟ್ಟಿತು. ಕೇಳುತ್ತಾ ಹೋದರೆ ಅಮ್ಮನಿಗೆ ಹೆರಿಗೆಯಲ್ಲಿ ರಕ್ತ ಏರಿಸಿದ್ದರು, ಮಗಳಿಗೆ ಹಲ್ಲು ಕಿತ್ತ ಮೇಲೆ ಮರುದಿನದವರೆಗೂ ಒಸರಿತ್ತು. ಪರೀಕ್ಷೆ ಮಾಡಿಸಿದಾಗ ವಾನ್ ವಿಲ್ಲೆಬ್ರಾಂಡ್ ಎಂಬ ತೊಂದರೆ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಕಡಿಮೆ ಇರುತ್ತದೆ, ತಲೆಮಾರಿನಿಂದ ಬರುತ್ತದೆ. ಮುಟ್ಟಿನ ದಿನಗಳಲ್ಲಿ ಮಾತ್ರ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಜೊತೆಗೆ ಕಬ್ಬಿಣದ ಮಾತ್ರೆ, ಇಷ್ಟರಲ್ಲೇ ಅವಳು ಸುಧಾರಿಸಿದಳು. ನಿಮ್ಮ ಮಗಳಿಗೂ ಇದೇ ಇದೆ ಅಂತಲ್ಲ. ಆದರೆ ಹೊರಡುವ ಮುಂಚೆ ನಿಮ್ಮ ತವರಿನ ಕಡೆ, ಅತ್ತೆಯವರ ಕಡೆ ಎರಡೂ ಕಡೆ ಕೇಳಿಕೊಂಡು ಹೋಗಿ. ಅತ್ತೆಯವರಿಗೆ ಈ ಕೆಲಸ ಒಪ್ಪಿಸಿದರೆ ಅವರ ವಿರೋಧವೂ ಸ್ವಲ್ಪ ಇಳಿಯಬಹುದು!

ಮಾತು ನಡೆಯುತ್ತಿರುವಾಗಲೇ ಡಾಕ್ಟ್ರು ನಿಮ್ಮನ್ನು ಐದು ನಿಮಿಷ ಹೊರಗೆ ಕೂರಲು ಹೇಳಬಹುದು. ಬೇಸರ ಮಾಡಿಕೊಳ್ಳಬೇಡಿ. ಶುರುವಿನ ವರ್ಷಗಳಲ್ಲಿ ನಾನು ಎಲ್ಲವನ್ನೂ ಅಮ್ಮಂದಿರ ಎದುರಿಗೇ ಕೇಳುತ್ತಿದ್ದೆ. ಒಬ್ಬ ಹುಡುಗಿ ಎಲ್ಲದಕ್ಕೂ "ಇಲ್ಲ, ಇಲ್ಲ" ಎಂದು ತಲೆಯಾಡಿಸಿ ಹೋದಳು. ತೆಳ್ಳಗಾಗಬೇಕೆಂದು ತಿಂಗಳುಗಟ್ಟಲೆ ಊಟ ಬಿಟ್ಟು ಮುಟ್ಟು ನಿಲ್ಲಿಸಿಕೊಂಡಿದ್ದಳು ಎಂದು ಆಮೇಲೆ ಗೊತ್ತಾಯಿತು. ತಪ್ಪು ನನ್ನದೇ. ಒಬ್ಬಳೇ ಇದ್ದಾಗ ಗೆಳೆತನದ ಬಗ್ಗೆ, ಯಾರಾದರೂ ಮೈ ಮುಟ್ಟಿ ತೊಂದರೆ ಕೊಟ್ಟರೇ ಎಂಬ ಬಗ್ಗೆಯೂ ಕೇಳುತ್ತಾರೆ. ಎಲ್ಲ ಹುಡುಗಿಯರಿಗೂ ಕೇಳುವುದೇ, ನಿಮ್ಮ ಮಗಳ ಮೇಲೆ ಅನುಮಾನವಲ್ಲ. ಮೂತ್ರದಲ್ಲಿ ಗರ್ಭದ ಪರೀಕ್ಷೆ ಬರೆದುಕೊಟ್ಟರೂ ಅಷ್ಟೇ, ಚೀಟಿ ನೋಡಿ ಗಾಬರಿಯಾಗಬೇಡಿ. ಹುಡುಗಿ ಹೇಳಿದ್ದನ್ನು ಡಾಕ್ಟ್ರು ಗುಟ್ಟಾಗಿಯೇ ಇಡುತ್ತಾರೆ. ಆದರೆ 18ರ ಒಳಗಿನ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾನೂನಿನಂತೆ ಪೊಲೀಸರಿಗೆ ತಿಳಿಸಲೇಬೇಕು.

ಆಮೇಲಿನದ್ದು ಬೇಗ ಮುಗಿಯುತ್ತದೆ. ತೂಕ, ಎತ್ತರ, ಬಿಪಿ. ಕಣ್ಣಿನ ಕೆಳರೆಪ್ಪೆ ಎಳೆದು ಬಿಳಿಚಿದೆಯೇ ನೋಡುತ್ತಾರೆ, ಕುತ್ತಿಗೆ ಮುಟ್ಟಿ ಥೈರಾಯ್ಡ್ ನೋಡುತ್ತಾರೆ. ಮಲಗಿಸಿ ಹೊಟ್ಟೆ ಒತ್ತುತ್ತಾರೆ. ಫ್ರಾಕ್ ಬೇಡ, ಚೂಡಿದಾರ ಹಾಕಿಸಿ, ಟಾಪ್ ಸ್ವಲ್ಪ ಮೇಲೆತ್ತಿದರೆ ಸಾಕಾಗುತ್ತದೆ. ರಕ್ತದಲ್ಲಿ ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು, ಥೈರಾಯ್ಡ್, ಬೇಕಾದರೆ ಹೆಪ್ಪುಗಟ್ಟುವ ಪರೀಕ್ಷೆ.

ಸ್ಕ್ಯಾನಿಂಗ್ ಬರೆದರೆ ಅದು ಹೊಟ್ಟೆಯ ಮೇಲಿನಿಂದ. ಅದಕ್ಕೆ ಮೂತ್ರಚೀಲ ತುಂಬಿರಬೇಕು. ಇಲ್ಲಿ ನಮ್ಮ ಕಡೆಯವರ ಪಾಡು ನೋಡಬೇಕು. ಮನೆಯಲ್ಲೇ ಲೀಟರ್‌ಗಟ್ಟಲೆ ನೀರು ಕುಡಿಸಿ ಬಸ್ ಹತ್ತಿಸುತ್ತಾರೆ, ಕಾರವಾರ ಮುಟ್ಟುವ ಮೊದಲೇ ಅವಳಿಗೆ ತಡೆಯಲಾಗುವುದಿಲ್ಲ, ಇಳಿದ ಕೂಡಲೇ ಓಡುತ್ತಾಳೆ. ಮತ್ತೆ ಮೊದಲಿನಿಂದ. ಆಸ್ಪತ್ರೆಗೆ ಹೋಗಿ, ಸರದಿ ಎಷ್ಟನೆಯದು ಎಂದು ಕೇಳಿಕೊಂಡು, ಒಂದು ತಾಸು ಮೊದಲು ನಾಲ್ಕು ಲೋಟ ನೀರು ಕುಡಿಸಿ.

ಸ್ಕ್ಯಾನ್ ರಿಪೋರ್ಟಿನಲ್ಲಿ "ಅಂಡಾಶಯದಲ್ಲಿ ಸಣ್ಣ ಸಣ್ಣ ನೀರಗುಳ್ಳೆಗಳು" ಎಂದು ಬಂದರೆ ಅಲ್ಲಿಗೇ "ಪಿಸಿಓಡಿ", ಅಂದರೆ ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ, ಎಂದು ನಿರ್ಧರಿಸಿಬಿಡಬೇಡಿ. ಈ ವಯಸ್ಸಿನಲ್ಲಿ ಎಷ್ಟೋ ಆರೋಗ್ಯವಂತ ಹುಡುಗಿಯರಿಗೂ ಹಾಗೇ ಕಾಣುತ್ತದೆ. ಮುಟ್ಟು ಶುರುವಾಗಿ ಎಂಟು ವರ್ಷ ಆಗುವವರೆಗೆ ಸ್ಕ್ಯಾನ್ ನೋಡಿ ಪಿಸಿಓಡಿ ಎನ್ನಬಾರದು ಎಂದೇ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಮುಖದ ಮೇಲೆ ಹೆಚ್ಚು ಕೂದಲು, ಗಟ್ಟಿ ಮೊಡವೆ, ತಿಂಗಳುಗಟ್ಟಲೆ ಮುಟ್ಟು ಬಾರದಿರುವುದು, ಇವಿಲ್ಲದೆ ಬರೀ ಸ್ಕ್ಯಾನ್ ಮೇಲೆ ಆ ಹೆಸರು ಹಚ್ಚಿದರೆ "ಯಾವ ಆಧಾರದ ಮೇಲೆ?" ಎಂದು ಕೇಳಿ.

ಯಾವಾಗ ಹೋಗುವುದು? ಮುಟ್ಟು ನಿಲ್ಲಲಿ ಎಂದು ಕಾಯಬೇಡಿ. ಹೊರಗಾದವರು ಒಳಗೆ ಬರಬಾರದೆಂಬ ನಿಯಮ ಆಸ್ಪತ್ರೆಗಿಲ್ಲ. ಕಣ್ಣು ಕತ್ತಲೆ ಬಂದಿದ್ದರಿಂದ ಈ ವಾರವೇ ಹೋಗಿ. ಕುಮಟಾ ತಾಲ್ಲೂಕು ಆಸ್ಪತ್ರೆಯಾದರೂ ಆದೀತು, ಕಾರವಾರದ ಕ್ರಿಮ್ಸ್ ಆದರೂ ಆದೀತು, ಮೊದಲ ಭೇಟಿಗೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕಿಲ್ಲ. ತಾಸಿಗೊಂದು ಪ್ಯಾಡ್ ತೊಯ್ಯುತ್ತಾ ಎರಡು ಮೂರು ತಾಸು ಹೋದರೆ, ಅಥವಾ ಎದ್ದು ನಿಂತರೆ ಬೀಳುವ ಹಾಗಾದರೆ, ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಹೋಗಿ.

ಕಬ್ಬಿಣದ ಮಾತ್ರೆ ಕೊಟ್ಟರೆ ಚಹಾದ ಜೊತೆ ಬೇಡ, ಲಿಂಬು ಪಾನಕದ ಜೊತೆ ಕೊಡಿ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಲು ಹೇಳುತ್ತಾರೆ, ಮೈಯಲ್ಲಿ ದಾಸ್ತಾನು ತುಂಬಬೇಕಲ್ಲ. ಕೆಲವು ಸಲ ರಕ್ತ ಹಿಡಿತಕ್ಕೆ ಬರಲು ಮೂರೋ ಆರೋ ತಿಂಗಳು ಹಾರ್ಮೋನ್ ಮಾತ್ರೆ ಕೊಡುತ್ತಾರೆ. "ಮುಂದೆ ಮಕ್ಕಳಾಗೂದಿಲ್ಲ" ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಮಾತ್ರೆಯಿಂದ ಬಂಜೆತನ ಬರುವುದಿಲ್ಲ. ಆ ಮಾತು ಕೇಳಿ ಮಧ್ಯೆ ನಿಲ್ಲಿಸಿದರೆ ಮಾತ್ರ ಎರಡೇ ದಿನದಲ್ಲಿ ಮತ್ತೆ ರಕ್ತ ಶುರುವಾಗುತ್ತದೆ.

ನಾಳೆಯೇ ಆ ನೋಟ್‌ಬುಕ್ ತಂದುಕೊಡಿ. ಜೂನ್ 3, 12, 26 ಅಂತ ಮೊದಲ ಸಾಲು ಅವಳೇ ಬರೆಯಲಿ. ಡಾಕ್ಟ್ರು ಕೇಳಿದಾಗ ನೀವು ಉತ್ತರ ಹೇಳಲು ಹೋಗಬೇಡಿ, ಅವಳೇ ತೆಗೆದು ತೋರಿಸಲಿ.